ಪ್ಯಾಡ್ ಮೇಲಿನ ಬಣ್ಣ ಏನು ಹೇಳುತ್ತದೆ?

ಪ್ರಶ್ನೆ: ಡಾಕ್ಟರ್, ನನಗೆ 36 ವರ್ಷ. ಇಬ್ಬರು ಮಕ್ಕಳು, ಎರಡೂ ಸಿಸೇರಿಯನ್. ಸುಮಾರು ಒಂದು ವರ್ಷದಿಂದ ಮುಟ್ಟಿನ ಮೊದಲ ಮೂರು ದಿನ ಅಚ್ಚ ಕೆಂಪು ರಕ್ತ ಜಾಸ್ತಿ ಹೋಗುತ್ತದೆ, ಗಡ್ಡೆ ಗಡ್ಡೆಯಾಗಿ ಬೀಳುತ್ತದೆ. ಆಮೇಲೆ ನಾಲ್ಕೈದು ದಿನ ಕಾಫಿ ಡಿಕಾಕ್ಷನ್ ಬಣ್ಣದ ಕಲೆ. ಎರಡು ಮುಟ್ಟಿನ ನಡುವೆ ಒಮ್ಮೆ ಗುಲಾಬಿ ನೀರಿನ ಹಾಗೆ ಕಾಣಿಸಿತು. ಕಳೆದ ತಿಂಗಳು ಬೂದು ಬಣ್ಣದ ಒಂದು ಚೂರು ಬಿತ್ತು. ‘ಕಪ್ಪಗಿರೋದು ಕೆಟ್ಟ ರಕ್ತ, ಹೋಗ್ಲಿ ಬಿಡು’ ಅಂತಾರೆ ನಮ್ಮ ಅತ್ತೆ. ಮೊಬೈಲಿನಲ್ಲಿ ನೋಡಿದ ಚಾರ್ಟಿನಲ್ಲಿ ಅಚ್ಚ ಕೆಂಪು ಇದ್ದರೆ ಮಾತ್ರ ಆರೋಗ್ಯ ಅಂತ ಇತ್ತು. ಯಾವ ಬಣ್ಣಕ್ಕೆ ನಾನು ಹೆದರಬೇಕು? ಈಚೆಗೆ ಎರಡು ಮಹಡಿ ಹತ್ತಿದರೆ ಏದುಸಿರು ಬರುತ್ತದೆ, ಅದು ವಯಸ್ಸಿನದ್ದು ಇರಬಹುದು.

ಉತ್ತರ: ನಿಮ್ಮ ಕೊನೆಯ ಸಾಲಿನಿಂದಲೇ ಶುರು ಮಾಡುತ್ತೇನೆ. 36ಕ್ಕೆ ಎರಡು ಮಹಡಿ ಹತ್ತಿದರೆ ಏದುಸಿರು ಬರುವುದು ವಯಸ್ಸಿನಿಂದ ಅಲ್ಲ. ವರ್ಷದಿಂದ ಜಾಸ್ತಿ ಬ್ಲೀಡಿಂಗ್ ಆಗುತ್ತಿರುವ ಹೆಂಗಸು ಹೀಗೆ ಹೇಳಿದರೆ ನನಗೆ ಮೊದಲು ಬರುವ ಅನುಮಾನ ರಕ್ತಹೀನತೆಯದ್ದು. ಈ ವಾರವೇ ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ. ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೂ ಅದು ಆಗುತ್ತದೆ. ಬಣ್ಣಗಳ ವಿಷಯ ಈಗ ಒಂದೊಂದಾಗಿ ಹೇಳುತ್ತೇನೆ, ಆದರೆ ಆ ಪರೀಕ್ಷೆಯನ್ನು ಮುಂದಕ್ಕೆ ಹಾಕಬೇಡಿ.

ಮುಟ್ಟಿನಲ್ಲಿ ಹೋಗುವುದೆಲ್ಲ ರಕ್ತವೇ ಅಂತ ನಾವು ಅಂದುಕೊಂಡಿರುತ್ತೇವೆ. ಅದರಲ್ಲಿ ರಕ್ತದ ಪಾಲು ಸುಮಾರು ಅರ್ಧ, ಕೆಲವರಲ್ಲಿ ಇನ್ನೂ ಕಡಿಮೆ. ಉಳಿದದ್ದು ಗರ್ಭಕೋಶದ ಒಳಪದರದ ಚೂರುಗಳು, ಗರ್ಭಕೋಶದ ಬಾಯಿಯಿಂದ ಬರುವ ಲೋಳೆ, ಯೋನಿಯ ನೀರಿನಂಶ. ಯಾವುದು ಎಷ್ಟು ಬೆರೆತಿದೆ ಅನ್ನುವುದರ ಮೇಲೆ ಬಣ್ಣ ತೆಳುವೋ ಗಾಢವೋ ಆಗುತ್ತದೆ. ರಕ್ತ ಹೊರಗೆ ಬರಲು ಎಷ್ಟು ಹೊತ್ತು ತೆಗೆದುಕೊಂಡಿತು ಅನ್ನುವುದೂ ಅಷ್ಟೇ ಮುಖ್ಯ. ರಕ್ತದ ಕೆಂಪು ಬಣ್ಣ ಹಿಮೋಗ್ಲೋಬಿನ್‌ನದ್ದು. ಅದರೊಳಗೆ ಕಬ್ಬಿಣ ಇದೆ. ರಕ್ತನಾಳ ಬಿಟ್ಟು ಹೊರಬಂದ ಮೇಲೆ ಆ ಕಬ್ಬಿಣ ಆಮ್ಲಜನಕದ ಜೊತೆ ಸೇರಿ ನಿಧಾನಕ್ಕೆ ಬದಲಾಗುತ್ತದೆ, ಬಣ್ಣ ಕೆಂಪಿನಿಂದ ಕಂದಾಗಿ ಕೊನೆಗೆ ಕಪ್ಪಿಗೆ ತಿರುಗುತ್ತದೆ. ಇದನ್ನು ನೀವೇ ನೋಡಬಹುದು. ಬೆಳಿಗ್ಗೆ ಬದಲಿಸಿದ ಪ್ಯಾಡನ್ನು ಸಂಜೆ ಬಿಸಾಡುವಾಗ ಗಮನಿಸಿ. ಬೆಳಿಗ್ಗೆ ಕೆಂಪಗಿದ್ದ ಕಲೆಯ ಅಂಚು ಸಂಜೆಗೆ ಕಂದಾಗಿರುತ್ತದೆ. ಅದೇ ರಕ್ತ, ಹೊತ್ತು ಮಾತ್ರ ಕಳೆದಿದೆ. ಗರ್ಭಕೋಶದೊಳಗೂ ನಡೆಯುವುದು ಇಷ್ಟೇ.

ಹಾಗಾಗಿ ಕಪ್ಪು ರಕ್ತ ಅಂದರೆ ಕೆಟ್ಟ ರಕ್ತ ಅಲ್ಲ. ಹಳೆಯ ರಕ್ತ, ಅಷ್ಟೇ. ದೇಹ ಕೊಳೆಯನ್ನು ಮುಟ್ಟಿನ ಮೂಲಕ ಹೊರಗೆ ಹಾಕುವುದಿಲ್ಲ. ನಿಮ್ಮ ಅತ್ತೆ ಕಾಳಜಿಯಿಂದಲೇ ಹೇಳಿದ್ದಾರೆ, ಅದರ ಬಗ್ಗೆ ಅನುಮಾನವಿಲ್ಲ. ಆದರೆ ‘ಹೋಗ್ಲಿ ಬಿಡು’ ಅನ್ನುವ ಮಾತು ನನಗೆ ಕಳವಳ ತರುತ್ತದೆ. ಎಷ್ಟು ಹೋದರೂ ಒಳ್ಳೆಯದೇ ಅಂತ ನಂಬಿ ವರ್ಷಗಟ್ಟಲೆ ರಕ್ತ ಕಳೆದುಕೊಂಡವರನ್ನು ನಾನು ನೋಡುತ್ತಲೇ ಇರುತ್ತೇನೆ.

ಮುಟ್ಟಿನ ಮೊದಲ ದಿನ ಒಂದಿಷ್ಟು, ಕೊನೆಯ ಒಂದೆರಡು ದಿನ ಒಂದಿಷ್ಟು ಕಂದು ಅಥವಾ ಕಪ್ಪು ಕಲೆ ಬಹುತೇಕ ಎಲ್ಲರಿಗೂ ಕಾಣುತ್ತದೆ. ಹರಿವು ಕಡಿಮೆಯಾದಾಗ ರಕ್ತ ಒಳಗೇ ತಡೆದು ನಿಂತು ಬರುತ್ತದೆ. ನಿಮಗೆ ನಾಲ್ಕೈದು ದಿನ ಎಳೆಯುತ್ತಿದೆ. ಅದಕ್ಕೆ ನಿಮ್ಮ ಪತ್ರದಲ್ಲೇ ಒಂದು ಸುಳಿವಿದೆ: ಎರಡು ಸಿಸೇರಿಯನ್. ಸಿಸೇರಿಯನ್ ಹೊಲಿಗೆ ಬಿದ್ದ ಜಾಗದಲ್ಲಿ, ಗರ್ಭಕೋಶದ ಒಳಗಡೆ, ಕೆಲವರಿಗೆ ಒಂದು ಚಿಕ್ಕ ಕುಳಿ ಉಳಿದುಬಿಡುತ್ತದೆ. ಮುಟ್ಟಿನ ರಕ್ತ ಸ್ವಲ್ಪ ಅದರಲ್ಲಿ ನಿಲ್ಲುತ್ತದೆ. ಮುಖ್ಯ ಹರಿವು ನಿಂತ ಮೇಲೆ ಅದು ದಿನಾ ಒಂಚೂರು ಒಂಚೂರಾಗಿ ಡಿಕಾಕ್ಷನ್ ಬಣ್ಣದಲ್ಲಿ ಸೋರುತ್ತದೆ. ಸಿಸೇರಿಯನ್ ಆದ ಎಷ್ಟೋ ಹೆಂಗಸರ ‘ಮುಟ್ಟು ಮುಗಿಯೋದೇ ಇಲ್ಲ’ ಅನ್ನುವ ದೂರಿನ ಹಿಂದೆ ಇರುವುದು ಇದೇ. ಯೋನಿಯ ಮೂಲಕ ಮಾಡುವ ಸ್ಕ್ಯಾನಿಂಗ್‌ನಲ್ಲಿ ಈ ಕುಳಿ ಕಾಣುತ್ತದೆ. ಮುಟ್ಟಿನ ಹತ್ತಿರದ ದಿನಗಳಲ್ಲಿ ಮಾಡಿದರೆ ಇನ್ನೂ ಸ್ಪಷ್ಟ. ಸಾಮಾನ್ಯವಾಗಿ ಇದರಿಂದ ಅಪಾಯವಿಲ್ಲ. ಮುಂದೆ ಮತ್ತೊಂದು ಮಗು ಬೇಕು ಅಂದರೆ ಅಥವಾ ಕಾಪರ್-ಟಿ ಹಾಕಿಸಿಕೊಳ್ಳುವುದಿದ್ದರೆ ಮಾತ್ರ ವೈದ್ಯರಿಗೆ ಈ ವಿಷಯ ಮೊದಲೇ ತಿಳಿದಿರಬೇಕು.

ಕಪ್ಪು, ಕಂದು ಬಣ್ಣದಲ್ಲಿ ನಾನು ಹಗುರವಾಗಿ ತೆಗೆದುಕೊಳ್ಳದ ಒಂದು ಸಂದರ್ಭ ಇದೆ. ಡೇಟ್ ದಾಟಿದೆ, ಆಮೇಲೆ ಮಾಮೂಲಿಗಿಂತ ತೀರಾ ಕಡಿಮೆ, ಕಂದು ಬಣ್ಣದ ಸ್ಪಾಟಿಂಗ್ ಬಂದಿದೆ. ‘ಸದ್ಯ, ತಡವಾಗಿಯಾದರೂ ಮುಟ್ಟಾಯಿತು’ ಅಂತ ಸುಮ್ನೆ ಇದ್ದುಬಿಡುತ್ತಾರೆ. ಗರ್ಭ ನಿಲ್ಲುವ ಸಾಧ್ಯತೆ ಇರುವ ಯಾರೇ ಆಗಲಿ, ಹೀಗಾದರೆ ಮೊದಲು ಯೂರಿನ್ ಟೆಸ್ಟ್ ಕಿಟ್ ತಂದು ನೋಡಬೇಕು. ಗರ್ಭವು ಗರ್ಭಕೋಶದಲ್ಲಿ ನಿಲ್ಲದೆ ಅಂಡನಾಳದಲ್ಲಿ ಕಟ್ಟಿದಾಗ ಎಷ್ಟೋ ಬಾರಿ ಹೀಗೇ ಕಡಿಮೆ, ಗಾಢ ಬಣ್ಣದ ಬ್ಲೀಡಿಂಗ್ ಆಗುತ್ತದೆ. ಅದರ ಜೊತೆ ಕಿಬ್ಬೊಟ್ಟೆಯ ಒಂದು ಪಕ್ಕ ನೋವು, ತಲೆ ಸುತ್ತು ಅಥವಾ ಭುಜದ ತುದಿಯಲ್ಲಿ ನೋವು ಬಂದರೆ ರಾತ್ರಿಯಾಗಲಿ ಹಗಲಾಗಲಿ ತಕ್ಷಣ ಆಸ್ಪತ್ರೆಗೆ ಹೋಗಬೇಕು. ನಾಳ ಒಡೆದರೆ ರಕ್ತ ಹೊಟ್ಟೆಯೊಳಗೇ ಸೋರುತ್ತದೆ. ಪ್ಯಾಡ್ ಮೇಲೆ ನಾಲ್ಕು ಹನಿ ಮಾತ್ರ ಕಾಣುತ್ತಿರುವಾಗಲೂ ಜೀವಕ್ಕೆ ಅಪಾಯ ಆಗಿರಬಹುದು. ಸಂತಾನಹರಣ ಆಪರೇಷನ್ ಆಗಿದೆ ಅನ್ನುವ ಧೈರ್ಯವೂ ಇಲ್ಲಿ ಪೂರ್ತಿ ಸಾಲದು. ಆಪರೇಷನ್ ಆದವರಲ್ಲಿ ಗರ್ಭ ನಿಲ್ಲುವುದು ತೀರಾ ಅಪರೂಪ, ಆದರೆ ನಿಂತರೆ ನಾಳದಲ್ಲೇ ನಿಲ್ಲುವ ಸಂಭವ ಹೆಚ್ಚು.

ಇನ್ನು ನಿಮ್ಮ ಅಚ್ಚ ಕೆಂಪಿನ ವಿಷಯ. ಚಾರ್ಟ್ ಅದನ್ನು ಆರೋಗ್ಯ ಅಂತ ಬರೆದಿದೆ, ಅಲ್ವಾ? ಅಚ್ಚ ಕೆಂಪು ಅಂದರೆ ರಕ್ತ ತಾಜಾ ಇದೆ, ಬೇಗ ಬೇಗ ಹೊರಗೆ ಬರುತ್ತಿದೆ ಅಂತ ಅರ್ಥ. ಮುಟ್ಟಿನ ಎರಡನೇ ದಿನ ಹಾಗೆ ಬರುವುದು ಸಹಜ. ಜೋರಾಗಿ ಹರಿಯುವ ಬ್ಲೀಡಿಂಗ್ ಕೂಡ ಅಚ್ಚ ಕೆಂಪೇ. ಬಣ್ಣ ನೋಡಿ ಇವೆರಡರ ವ್ಯತ್ಯಾಸ ಹೇಳಲು ಬರುವುದಿಲ್ಲ, ಪ್ರಮಾಣ ನೋಡಿಯೇ ಹೇಳಬೇಕು.

ಒಂದು ಮುಟ್ಟಿನಲ್ಲಿ ಸಾಮಾನ್ಯವಾಗಿ ಹೋಗುವ ರಕ್ತ 30ರಿಂದ 40 ಮಿಲಿಲೀಟರ್. ಎರಡು ಮೂರು ದೊಡ್ಡ ಚಮಚದಷ್ಟು. 80 ದಾಟಿದರೆ ಜಾಸ್ತಿ ಅಂತ ಲೆಕ್ಕ. ಆದರೆ ಮನೆಯಲ್ಲಿ ಯಾರು ಅಳೆಯುತ್ತಾರೆ? ಟಾಯ್ಲೆಟ್ಟಿನ ನೀರಿಗೆ ಒಂದು ಚಮಚ ರಕ್ತ ಬಿದ್ದರೂ ಇಡೀ ನೀರು ಕೆಂಪಾಗಿ ಗಾಬರಿಯಾಗುತ್ತದೆ. ಅದಕ್ಕೆ ವಿರುದ್ಧವಾಗಿ ಜೆಲ್ ಇರುವ ಪ್ಯಾಡು ತುಂಬ ಹೀರಿದರೂ ಮೇಲೆ ಒಣಗಿದ ಹಾಗೆ ಕಾಣುತ್ತದೆ. ಕಪ್ಪು ಬಟ್ಟೆ ಬಳಸುವವರಿಗೆ ಏನೂ ತಿಳಿಯುವುದಿಲ್ಲ. ಹಾಗಾಗಿ ನಾನು ಕೇಳುವ ಪ್ರಶ್ನೆಗಳೇ ಬೇರೆ. ಒಂದೆರಡು ಗಂಟೆಗೇ ಪ್ಯಾಡ್ ತುಂಬಿ ಬದಲಿಸಬೇಕಾಗುತ್ತದೆಯಾ? ರಾತ್ರಿ ಅದಕ್ಕಾಗಿಯೇ ಏಳುತ್ತೀರಾ? ಎರಡೆರಡು ಪ್ಯಾಡ್ ಒಟ್ಟಿಗೆ ಇಡುತ್ತೀರಾ? ಹಾಸಿಗೆಗೆ, ಬಸ್ಸಿನ ಸೀಟಿಗೆ ಕಲೆಯಾಗುತ್ತದೆ ಅಂತ ಹೊರಗೆ ಹೋಗುವುದನ್ನೇ ಬಿಟ್ಟಿದ್ದೀರಾ? ಎಂಟು ದಿನಕ್ಕಿಂತ ಹೆಚ್ಚು ಹೋಗುತ್ತದೆಯಾ? ಇವುಗಳಲ್ಲಿ ಒಂದಕ್ಕೆ ಹೌದು ಅಂದರೂ ತಪಾಸಣೆ ಬೇಕು.

ಗಡ್ಡೆಗಳೂ ಪ್ರಮಾಣವನ್ನೇ ಹೇಳುತ್ತವೆ. ಮುಟ್ಟಿನ ರಕ್ತ ಹೆಪ್ಪುಗಟ್ಟದೆ ನೀರಾಗಿ ಹರಿಯುವ ಹಾಗೆ ಗರ್ಭಕೋಶವೇ ಒಂದು ವ್ಯವಸ್ಥೆ ಮಾಡಿಕೊಂಡಿದೆ. ಹೆಪ್ಪನ್ನು ಕರಗಿಸುವ ಪದಾರ್ಥ ಅಲ್ಲೇ ತಯಾರಾಗುತ್ತದೆ. ರಕ್ತ ಅದರ ವೇಗವನ್ನು ಮೀರಿ ಬಂದಾಗ ಕರಗಿಸುವ ಕೆಲಸ ಹಿಂದೆ ಬೀಳುತ್ತದೆ, ಗಡ್ಡೆಗಳು ಬೀಳುತ್ತವೆ. ಬೆಳಿಗ್ಗೆ ಹಾಸಿಗೆಯಿಂದ ಎದ್ದ ಕೂಡಲೇ ಒಂದೆರಡು ಸಣ್ಣ ಗಡ್ಡೆ ಬೀಳುವುದಕ್ಕೆ ಚಿಂತೆ ಬೇಡ. ರಾತ್ರಿಯೆಲ್ಲ ಮಲಗಿದ್ದಾಗ ಅಲ್ಲೇ ನಿಂತದ್ದು ಅದು. ಹತ್ತು ರೂಪಾಯಿ ನಾಣ್ಯದಷ್ಟು ಅಥವಾ ಅದಕ್ಕಿಂತ ದೊಡ್ಡ ಗಡ್ಡೆಗಳು ತಿಂಗಳು ತಿಂಗಳೂ ಬೀಳುತ್ತಿದ್ದರೆ ಹರಿವು ಜಾಸ್ತಿಯಾಗಿದೆ ಅಂತಲೇ ತಿಳಿಯಿರಿ.

ನಿಮ್ಮದೇ ಥರದ ಒಬ್ಬರ ವಿಷಯ ಹೇಳುತ್ತೇನೆ. 39 ವರ್ಷ, ಹೊಲಿಗೆ ಕೆಲಸ. ನನ್ನ ಬಳಿ ಬಂದದ್ದು ಸುಸ್ತಿಗೆ, ಕೂದಲು ಉದುರುವುದಕ್ಕೆ. ಮುಟ್ಟಿನ ಬಗ್ಗೆ ಕೇಳಿದರೆ ‘ಅದೇನೂ ತೊಂದರೆ ಇಲ್ಲ, ಕೆಂಪಗೆ ಚೆನ್ನಾಗೇ ಹೋಗುತ್ತೆ’ ಅಂದರು. ಮಾತಾಡುತ್ತಾ ಇರುವಾಗ ಅವರ ಮುಷ್ಟಿಯಲ್ಲಿ ಏನೋ ಇರುವುದು ಕಾಣಿಸಿತು. ಹಸಿ ಅಕ್ಕಿ. ಮಿಷನ್ ಮುಂದೆ ಕೂತಾಗಲೂ ಒಂದು ಡಬ್ಬಿ ಪಕ್ಕದಲ್ಲಿ ಇಟ್ಟುಕೊಂಡು ತಿನ್ನುತ್ತಾ ಇರುತ್ತಾರಂತೆ. ಅಕ್ಕಿ, ಬಳಪ, ಮಣ್ಣು, ಐಸು ಹೀಗೆ ಏನನ್ನಾದರೂ ಕಡಿಯಬೇಕು ಅನ್ನಿಸುವುದು ಎಷ್ಟೋ ಬಾರಿ ದೇಹದಲ್ಲಿ ಕಬ್ಬಿಣ ಖಾಲಿಯಾಗಿದೆ ಅನ್ನುವುದರ ಗುರುತು. ಹಿಮೋಗ್ಲೋಬಿನ್ 7.4 ಇತ್ತು. ಗರ್ಭಿಣಿಯಲ್ಲದ ಹೆಂಗಸಿಗೆ 12 ಇರಬೇಕು. ಕಬ್ಬಿಣದ ದಾಸ್ತಾನು ತೋರಿಸುವ ಫೆರಿಟಿನ್ ತಳ ಮುಟ್ಟಿತ್ತು. ಮತ್ತೆ ಬಿಡಿಸಿ ಕೇಳಿದಾಗ ಎರಡನೇ ದಿನ ಗಂಟೆ ಗಂಟೆಗೂ ಪ್ಯಾಡ್ ಬದಲಿಸುವ ಸಂಗತಿ ಹೊರಗೆ ಬಂತು.

ಇದರ ಲೆಕ್ಕ ಸರಳ. ಎರಡು ಮಿಲಿಲೀಟರ್ ರಕ್ತ ಹೋದರೆ ಸುಮಾರು ಒಂದು ಮಿಲಿಗ್ರಾಂ ಕಬ್ಬಿಣ ಹೋಗುತ್ತದೆ. ತಿಂಗಳಿಗೆ 40 ಮಿಲಿಲೀಟರ್ ಹೋದರೆ 20 ಮಿಲಿಗ್ರಾಂ, ಅದನ್ನು ಊಟದಿಂದ ತುಂಬಿಕೊಳ್ಳಬಹುದು. 120 ಹೋದರೆ 60 ಮಿಲಿಗ್ರಾಂ. ದೇಹ ದಿನಕ್ಕೆ ಊಟದಿಂದ ಹೀರಿಕೊಳ್ಳುವ ಕಬ್ಬಿಣ ಒಂದೆರಡು ಮಿಲಿಗ್ರಾಂ ಮಾತ್ರ, ಅದರಲ್ಲೂ ಬೇರೆ ಖರ್ಚಿದೆ. ಸೊಪ್ಪು, ಕಾಳು, ರಾಗಿ ಎಷ್ಟೇ ತಿಂದರೂ ಈ ಸಾಲ ತೀರುವುದಿಲ್ಲ. ಊಟ ಆದ ಕೂಡಲೇ ಕಾಫಿ, ಟೀ ಕುಡಿದರೆ ಹೀರುವುದು ಇನ್ನೂ ಕಡಿಮೆಯಾಗುತ್ತದೆ.

ಅವರಿಗೆ ಮೊದಲು ಯೂರಿನ್ ಟೆಸ್ಟ್ ಮಾಡಿ ಗರ್ಭ ಇಲ್ಲ ಅಂತ ಖಾತ್ರಿ ಮಾಡಿಕೊಂಡೆವು. ಥೈರಾಯ್ಡ್ ಸರಿ ಇತ್ತು. ಸ್ಕ್ಯಾನಿಂಗ್‌ನಲ್ಲಿ ಎರಡೂವರೆ ಸೆಂಟಿಮೀಟರ್ ಗಾತ್ರದ ಒಂದು ಫೈಬ್ರಾಯ್ಡ್, ಅಂದರೆ ನಾರುಗಡ್ಡೆ, ಗರ್ಭಕೋಶದ ಒಳಗಿನ ಜಾಗಕ್ಕೆ ಚಾಚಿಕೊಂಡಿತ್ತು. ಗಾತ್ರ ಚಿಕ್ಕದು, ಆದರೆ ಇರುವ ಜಾಗ ಕೆಟ್ಟದ್ದು. ಗರ್ಭಕೋಶದ ಹೊರಮೈಯಲ್ಲಿ ಐದು ಸೆಂಟಿಮೀಟರ್ ಗಡ್ಡೆ ಇದ್ದೂ ಏನೂ ತೊಂದರೆ ಇಲ್ಲದವರಿದ್ದಾರೆ. ಮುಟ್ಟಿನ ದಿನಗಳಲ್ಲಿ ಮಾತ್ರ ತೆಗೆದುಕೊಳ್ಳುವ ಟ್ರಾನೆಕ್ಸಮಿಕ್ ಆಸಿಡ್ ಮಾತ್ರೆ ಕೊಟ್ಟೆವು. ಅದು ಹರಿವನ್ನು ತಗ್ಗಿಸುತ್ತದೆ. ಕಾಲಿನಲ್ಲೋ ಶ್ವಾಸಕೋಶದಲ್ಲೋ ರಕ್ತ ಹೆಪ್ಪುಗಟ್ಟಿದ ಇತಿಹಾಸ ಇದ್ದವರಿಗೆ ಅದು ಆಗುವುದಿಲ್ಲ, ಹಾಗಾಗಿ ಅಂಗಡಿಯಲ್ಲಿ ತಾವಾಗಿ ಕೇಳಿ ತಗೊಳ್ಳಬಾರದು. ಕಬ್ಬಿಣವನ್ನು ಡ್ರಿಪ್ ಮೂಲಕ ಕೊಟ್ಟೆವು. ಹಿಮೋಗ್ಲೋಬಿನ್ ಏರಿದ ಮೇಲೆ ಹೊಟ್ಟೆ ಕೊಯ್ಯದೆ, ಯೋನಿಯ ಮೂಲಕವೇ ಕ್ಯಾಮೆರಾ ಹಾಕಿ ಗಡ್ಡೆ ತೆಗೆದೆವು.

ಕೆಲವು ತಿಂಗಳ ನಂತರ ಬಂದಾಗ ಅವರ ಮುಟ್ಟು ನಾಲ್ಕು ದಿನಕ್ಕೆ ಇಳಿದಿತ್ತು, ಹಿಮೋಗ್ಲೋಬಿನ್ 12 ಮುಟ್ಟಿತ್ತು, ಅಕ್ಕಿ ತಿನ್ನಬೇಕು ಅನ್ನಿಸುವುದು ತಾನಾಗಿ ನಿಂತಿತ್ತು. ರಕ್ತದ ಬಣ್ಣ? ಮೊದಲಿನಷ್ಟೇ ಅಚ್ಚ ಕೆಂಪು. ಕಾಯಿಲೆ ಇದ್ದಾಗಲೂ ಅದೇ ಬಣ್ಣ, ವಾಸಿಯಾದ ಮೇಲೂ ಅದೇ. ಚಾರ್ಟ್ ನೋಡಿಕೊಂಡು ಕೂತಿದ್ದರೆ ಅವರು ಎಂದೂ ಆಸ್ಪತ್ರೆಗೆ ಬರುತ್ತಿರಲಿಲ್ಲ.

ನಿಮಗೂ ಫೈಬ್ರಾಯ್ಡೇ ಇದೆ ಅಂತ ನಾನು ಹೇಳುತ್ತಿಲ್ಲ. ಗರ್ಭಕೋಶದ ಗೋಡೆಯೇ ದಪ್ಪವಾಗುವ ಅಡಿನೋಮಯೋಸಿಸ್, ಒಳಗೆ ಬೆಳೆಯುವ ಸಣ್ಣ ಪಾಲಿಪ್, ಥೈರಾಯ್ಡ್ ಕಡಿಮೆ ಇರುವುದು, ಕಾಪರ್-ಟಿ, ಅಂಡಾಣು ಸರಿಯಾಗಿ ಬಿಡುಗಡೆ ಆಗದಿರುವುದು, ಇವೂ ಹೀಗೇ ಮಾಡುತ್ತವೆ. ಮೊದಲ ಮುಟ್ಟಿನಿಂದಲೂ ಜಾಸ್ತಿ ಹೋಗುತ್ತಿದ್ದರೆ, ಹಲ್ಲು ಕೀಳಿಸಿದಾಗಲೂ ರಕ್ತ ನಿಲ್ಲದಿದ್ದರೆ ರಕ್ತ ಹೆಪ್ಪುಗಟ್ಟುವುದರಲ್ಲೇ ಹುಟ್ಟಿನಿಂದ ಕೊರತೆ ಇದೆಯಾ ಅಂತ ನೋಡಬೇಕಾಗುತ್ತದೆ. ಒಂದು ಮಾತು ಮಾತ್ರ ಒತ್ತಿ ಹೇಳುತ್ತೇನೆ. ‘ಮಕ್ಕಳಾಯ್ತಲ್ಲ, ಗರ್ಭಕೋಶ ತೆಗೆಸಿಬಿಡಿ’ ಅಂತ ಯಾರಾದರೂ ಮೊದಲ ಭೇಟಿಯಲ್ಲೇ ಹೇಳಿದರೆ ಒಪ್ಪಬೇಡಿ. ಮಾತ್ರೆ ಇದೆ, ಗರ್ಭಕೋಶದೊಳಗೆ ಇಡುವ ಹಾರ್ಮೋನ್ ಲೂಪ್ ಇದೆ, ಗಡ್ಡೆಯನ್ನಷ್ಟೇ ತೆಗೆಯುವ ದಾರಿ ಇದೆ. ಇವೆಲ್ಲವನ್ನೂ ಕೇಳಿ, ಇನ್ನೊಬ್ಬ ವೈದ್ಯರ ಅಭಿಪ್ರಾಯವನ್ನೂ ಪಡೆಯಿರಿ.

ಗುಲಾಬಿ ನೀರಿನ ವಿಷಯ ಚಿಕ್ಕದು. ರಕ್ತ ಸ್ವಲ್ಪ, ಲೋಳೆ ಜಾಸ್ತಿ ಇದ್ದರೆ ಬಣ್ಣ ಗುಲಾಬಿ. ಮುಟ್ಟು ಶುರುವಾಗುವ ದಿನ ಹೀಗಾಗುತ್ತದೆ. ಎರಡು ಮುಟ್ಟಿನ ಸರಿ ಮಧ್ಯೆ, ಅಂಡಾಣು ಬಿಡುಗಡೆಯಾಗುವ ಹೊತ್ತಿಗೂ ಕೆಲವರಿಗೆ ಒಂದೆರಡು ದಿನ ಕಾಣಿಸುತ್ತದೆ. ಆಗ ಲೋಳೆ ತೆಳ್ಳಗೆ, ಮೊಟ್ಟೆಯ ಬಿಳಿಯ ಹಾಗೆ ಎಳೆ ಎಳೆಯಾಗಿರುತ್ತದೆ. ನಿಮಗೆ ಒಮ್ಮೆ ಕಂಡದ್ದು ಬಹುಶಃ ಅದೇ. ಗರ್ಭನಿರೋಧಕ ಮಾತ್ರೆ ಹೊಸದಾಗಿ ಶುರು ಮಾಡಿದವರಿಗೂ ಮೊದಲ ಎರಡು ಮೂರು ತಿಂಗಳು ಹೀಗಾಗಬಹುದು. ಆದರೆ ಗಂಡ ಹೆಂಡತಿ ಸೇರಿದ ಮೇಲೆ ಮತ್ತೆ ಮತ್ತೆ ಗುಲಾಬಿಯೋ ಕೆಂಪೋ ಕಂಡರೆ, ಅಥವಾ ವಾಸನೆ ಇರುವ ನೀರಿನಂಥ ಗುಲಾಬಿ ಸ್ರಾವ ವಾರಗಟ್ಟಲೆ ನಿಲ್ಲದಿದ್ದರೆ ಗರ್ಭಕೋಶದ ಬಾಯಿಯನ್ನು ಕಣ್ಣಿಂದಲೇ ಪರೀಕ್ಷಿಸಬೇಕು. ಗರ್ಭಕೋಶದ ಬಾಯಿಯ ಕ್ಯಾನ್ಸರ್ ಹೀಗೂ ತೋರಿಸಿಕೊಳ್ಳುತ್ತದೆ. 30 ದಾಟಿದ ಹೆಂಗಸರಿಗೆ ಅದರ ತಪಾಸಣೆ ಸರ್ಕಾರಿ ಆಸ್ಪತ್ರೆಗಳಲ್ಲೂ ಇದೆ. ನೀವು ಇನ್ನೂ ಮಾಡಿಸಿಲ್ಲದಿದ್ದರೆ ಇದೇ ಭೇಟಿಯಲ್ಲಿ ಕೇಳಿ.

‘ನೀರು ನೀರಾಗಿ ಹೋದರೆ ಮೈಯಲ್ಲಿ ರಕ್ತ ಇಲ್ಲ’ ಅನ್ನುವ ಮಾತೂ ಇದೆ. ಪ್ಯಾಡ್ ನೋಡಿ ಹಿಮೋಗ್ಲೋಬಿನ್ ಅಂದಾಜು ಮಾಡಬೇಡಿ. ಮೇಲೆ ಹೇಳಿದ ಹೊಲಿಗೆಯವರಿಗೆ 7.4 ಇದ್ದಾಗಲೂ ರಕ್ತ ಅಚ್ಚ ಕೆಂಪೇ ಇತ್ತು.

ಬೂದು ಬಣ್ಣದಲ್ಲಿ ಎರಡು ಬೇರೆ ಬೇರೆ ಸಂಗತಿಗಳಿವೆ. ಒಂದು, ತೆಳ್ಳಗಿನ ಬೂದು ಮಿಶ್ರಿತ ಬಿಳಿ ಸ್ರಾವ, ಮೀನಿನಂಥ ವಾಸನೆ, ಮುಟ್ಟು ಮುಗಿದ ಮೇಲೆ ಅದು ಇನ್ನೂ ಜಾಸ್ತಿ. ಯೋನಿಯಲ್ಲಿರುವ ಒಳ್ಳೆಯ ಬ್ಯಾಕ್ಟೀರಿಯಾ ಕಡಿಮೆಯಾಗಿ ಬೇರೆಯವು ಬೆಳೆದಾಗ ಹೀಗಾಗುತ್ತದೆ. ವೈದ್ಯರು ಕೊಡುವ ಒಂದು ವಾರದ ಮಾತ್ರೆಗೆ ಸಾಮಾನ್ಯವಾಗಿ ಹೋಗುತ್ತದೆ. ವಾಸನೆ ಅಂತ ಸೋಪು, ಡೆಟಾಲು, ಬಾಟಲಿ ವಾಶ್‌ಗಳಿಂದ ಒಳಗೆ ತೊಳೆದರೆ ಇರುವ ಒಳ್ಳೆಯ ಬ್ಯಾಕ್ಟೀರಿಯಾವೂ ಹೋಗಿ ಮತ್ತೆ ಮತ್ತೆ ಬರುತ್ತದೆ. ಹೊರಗೆ ಬರೀ ನೀರು ಸಾಕು. ಜ್ವರ, ಕಿಬ್ಬೊಟ್ಟೆ ನೋವೂ ಇದ್ದರೆ ಸೋಂಕು ಮೇಲಕ್ಕೆ ಏರಿದೆ ಅಂತ ಅರ್ಥ ಮಾಡಿಕೊಂಡು ಅದೇ ದಿನ ಹೋಗಿ.

ನೀವು ಬರೆದಿರುವುದು ಎರಡನೆಯದು, ಬೂದು ಚೂರು. ಗರ್ಭಕೋಶದ ಒಳಪದರ ಸಾಮಾನ್ಯವಾಗಿ ಪುಡಿಪುಡಿಯಾಗಿ ಬರುತ್ತದೆ, ಕೆಲವೊಮ್ಮೆ ಹಾಳೆಯ ಹಾಗೆ ತುಂಡಾಗಿಯೂ ಬೀಳುತ್ತದೆ. ಅದರಲ್ಲಿ ರಕ್ತ ಕಡಿಮೆ ಇದ್ದರೆ ಬೂದು, ತಿಳಿ ಗುಲಾಬಿ ಕಾಣುತ್ತದೆ. ಒಮ್ಮೆ ಹೀಗಾದರೆ ಗಾಬರಿ ಬೇಡ. ಆ ತಿಂಗಳು ಮುಟ್ಟು ತಡವಾಗಿತ್ತಾ ಅನ್ನುವುದು ಮುಖ್ಯ. ತಡವಾಗಿದ್ದು, ನೋವು ಮಾಮೂಲಿಗಿಂತ ಜೋರಾಗಿದ್ದು, ಚೂರು ಬಿದ್ದಿದ್ದರೆ ಅದು ಗರ್ಭಪಾತವೂ ಆಗಿರಬಹುದು. ಮತ್ತೆ ಹಾಗಾದರೆ ಚೂರನ್ನು ಎಸೆಯಬೇಡಿ. ಶುಭ್ರವಾದ ಒಂದು ಡಬ್ಬಿಯಲ್ಲಿ ಹಾಕಿ ಅವತ್ತೇ ಆಸ್ಪತ್ರೆಗೆ ತೆಗೆದುಕೊಂಡು ಹೋಗಿ. ನೋಡಿದರೆ ನಮಗೆ ತುಂಬಾ ತಿಳಿಯುತ್ತದೆ, ಬಾಯಲ್ಲಿ ಹೇಳಿದರೆ ಅಷ್ಟು ತಿಳಿಯುವುದಿಲ್ಲ.

ನಿಮ್ಮ ಮುಂದಿನ ಹೆಜ್ಜೆ ಹೀಗಿರಲಿ. ಹಿಮೋಗ್ಲೋಬಿನ್ ಜೊತೆ ಫೆರಿಟಿನ್, ಥೈರಾಯ್ಡ್ ಪರೀಕ್ಷೆ, ಒಂದು ಯೂರಿನ್ ಟೆಸ್ಟ್, ಒಂದು ಸ್ಕ್ಯಾನಿಂಗ್. ಸಿಸೇರಿಯನ್ ಹೊಲಿಗೆಯ ಜಾಗವನ್ನೂ ನೋಡಿ ಅಂತ ಸ್ಕ್ಯಾನಿಂಗ್ ಮಾಡುವವರಿಗೆ ನೀವೇ ಹೇಳಿ. ಅಲ್ಲಿಯವರೆಗೆ ಗೋಡೆಯ ಕ್ಯಾಲೆಂಡರಿನಲ್ಲಿ ಮುಟ್ಟಿನ ಪ್ರತಿ ದಿನದ ಮುಂದೆ ಎಷ್ಟು ಪ್ಯಾಡ್ ಬದಲಿಸಿದಿರಿ, ನಾಣ್ಯದಷ್ಟು ಗಡ್ಡೆ ಬಿತ್ತಾ ಅಂತ ಗುರುತು ಹಾಕಿ. ಬಣ್ಣವನ್ನೂ ಬೇಕಾದರೆ ಬರೆಯಿರಿ, ಆದರೆ ಎಣಿಕೆ ತಪ್ಪಿಸಬೇಡಿ. ಸತತವಾಗಿ ಎರಡು ಮೂರು ಗಂಟೆ, ಗಂಟೆಗೊಂದು ಪ್ಯಾಡ್ ತುಂಬಿದರೆ ಅಥವಾ ಎದ್ದು ನಿಂತಾಗ ಕಣ್ಣು ಕತ್ತಲೆ ಬಂದರೆ ಕ್ಯಾಲೆಂಡರ್ ಬಿಟ್ಟು ನೇರ ತುರ್ತು ವಿಭಾಗಕ್ಕೆ ಹೋಗಿ. ಕಬ್ಬಿಣದ ಮಾತ್ರೆ ಕೊಟ್ಟರೆ ನಿಂಬೆ ಪಾನಕದ ಜೊತೆ ತೆಗೆದುಕೊಳ್ಳಿ, ಕಾಫಿ ಟೀಗೆ ಒಂದೆರಡು ಗಂಟೆ ಅಂತರ ಇರಲಿ. ಮಲ ಕಪ್ಪಗಾದರೆ ಹೆದರಿ ನಿಲ್ಲಿಸಬೇಡಿ, ಅದು ಮಾತ್ರೆಯ ಬಣ್ಣ. ಹಿಮೋಗ್ಲೋಬಿನ್ ಸರಿಹೋದ ಮೇಲೂ ಇನ್ನು ಮೂರು ತಿಂಗಳು ಮುಂದುವರಿಸಬೇಕಾಗುತ್ತದೆ, ಇಲ್ಲದಿದ್ದರೆ ಖಾಲಿಯಾದ ದಾಸ್ತಾನು ತುಂಬುವುದಿಲ್ಲ.

ನಿಮ್ಮ ಅತ್ತೆಯವರಿಗೂ ಒಂದು ವಿಷಯ ಹೇಳಿಬಿಡಿ. ಮುಟ್ಟು ನಿಂತು ವರ್ಷ ಕಳೆದ ಮೇಲೆ ಅವರಿಗೆ ಒಂದು ಹನಿ ರಕ್ತ ಕಂಡರೂ, ಅದು ಗುಲಾಬಿಯಾಗಿರಲಿ ಕಪ್ಪಾಗಿರಲಿ, ‘ಹೋಗ್ಲಿ ಬಿಡು’ ಅನ್ನದೆ ಆ ವಾರವೇ ವೈದ್ಯರಿಗೆ ತೋರಿಸಬೇಕು. ಹೆಚ್ಚಿನವರಿಗೆ ಒಳಗಿನ ಪದರ ಒಣಗಿ ತೆಳುವಾದದ್ದೇ ಕಾರಣ ಆಗಿರುತ್ತದೆ, ಆದರೆ ಗರ್ಭಕೋಶದ ಕ್ಯಾನ್ಸರ್ ಇದ್ದರೆ ಅದು ಬೇಗ ಸಿಕ್ಕಿ ಬೀಳುವುದು ಆ ಒಂದು ಹನಿಯಿಂದಲೇ.